ಹೊಸ ತಂಡದ ಹುಡುಗರನ್ನು ಒಂದಾಗಿಸೋದು ಹೇಗೆ?

"ಹದಿನಾರು ವರ್ಷದೊಳಗಿನವರ ಫುಟ್‌ಬಾಲ್ ತಂಡ, 16 ಹುಡುಗರು. ಒಟ್ಟಿಗೆ ಯಾವತ್ತೂ ಆಡಿಲ್ಲ. ಹೊಂದಾಣಿಕೆ ಬರೋಕೆ ಏನು ಮಾಡಿಸಲಿ?"

ಮೊದಲ ದಿನವೇ ಚೆಂಡು ಕೊಡಿ. ಎಲ್ಲರನ್ನೂ ಕೂರಿಸಿ ಪರಿಚಯ ಹೇಳಿಸಿದರೆ ನಾಚಿಕೆಯ ಹುಡುಗರು ಇನ್ನೂ ಮುದುಡಿಕೊಳ್ಳುತ್ತಾರೆ.

ಎಂಟೆಂಟು ಜನರ ಎರಡು ವೃತ್ತ ಮಾಡಿ, ಅಡ್ಡಳತೆ ಸುಮಾರು ಹತ್ತು ಮೀಟರ್ ಇರಲಿ. ಯಾರಿಗೆ ಪಾಸೋ ಅವರ ಹೆಸರು ಮೊದಲು ಕೂಗಬೇಕು, ಆಮೇಲೆ ಒದೆಯಬೇಕು. ಹೆಸರು ನೆನಪಾಗದಿದ್ದರೆ ಕೇಳಲಿ, ಅದಕ್ಕೆ ಶಿಕ್ಷೆ ಬೇಡ. ಐದು ನಿಮಿಷ ಕಳೆದ ಮೇಲೆ ಎರಡನೇ ಚೆಂಡು ಬಿಡಿ. ಆಗ ತಲೆ ಎತ್ತಿ ನೋಡದೆ, ಗಟ್ಟಿಯಾಗಿ ಕೂಗದೆ ಆಟ ನಡೆಯೋದೇ ಇಲ್ಲ. ಮೈದಾನದಲ್ಲಿ ಬೇಕಾಗಿರೋದೂ ಇದೇ ಅಲ್ವಾ?

ನಂತರ ನಾಲ್ಕು ನಾಲ್ಕು ಜನರ ಚಿಕ್ಕ ಪಂದ್ಯ, ತಲಾ ನಾಲ್ಕು ನಿಮಿಷ. ಪ್ರತಿ ಪಂದ್ಯಕ್ಕೂ ತಂಡ ಬದಲಾಯಿಸಿ. ತಂಡ ಆರಿಸುವ ಕೆಲಸ ಮಾತ್ರ ಹುಡುಗರಿಗೆ ಬಿಡಬೇಡಿ, ಕೊನೆಗೆ ಉಳಿದವನಿಗೆ ತುಂಬಾ ನೋವಾಗುತ್ತದೆ. ಚೀಟಿ ನೀವೇ ಬರೆದು ತನ್ನಿ, ಮೊದಲೇ ಸ್ನೇಹಿತರಾದವರನ್ನು ಬೇರೆ ಬೇರೆ ಹಾಕಿ.

ಇಲ್ಲಿ ನೀವು ಗೋಲು ಎಣಿಸೋದಕ್ಕಿಂತ ಪಾಸು ಯಾರಿಗೆ ಹೋಗ್ತಿಲ್ಲ ಅಂತ ನೋಡಿ. ಖಾಲಿ ಜಾಗದಲ್ಲಿ ಕೈ ಎತ್ತಿ ನಿಂತರೂ ಒಬ್ಬನಿಗೆ ಚೆಂಡು ಬರುತ್ತಿಲ್ಲ ಅಂದರೆ, ಗುಂಪುಗಾರಿಕೆ ಶುರುವಾಗಿದೆ. ಅವನ ಹೆಸರು ಹೇಳಿ ಉಳಿದವರಿಗೆ ಬೈಯುವುದೋ ಬುದ್ಧಿ ಹೇಳುವುದೋ ಬೇಡ. 'ನಾಲ್ವರೂ ಮುಟ್ಟಿದ ಮೇಲೆ ಹೊಡೆದ ಗೋಲಿಗೆ ಎರಡು ಅಂಕ' ಅಂತ ನಿಯಮ ಹಾಕಿ. ಚೆಂಡು ತಾನಾಗಿ ಅವನ ಕಡೆ ತಿರುಗುತ್ತದೆ. ಇದನ್ನು ಎಲ್ಲಾ ಪಂದ್ಯಕ್ಕೂ ಇಡಬೇಡಿ, ಸುಮ್ನೆ ಲೆಕ್ಕಕ್ಕೆ ಪಾಸು ಕೊಡೋ ಅಭ್ಯಾಸ ಬಿದ್ದುಬಿಡುತ್ತದೆ.