ಮೊಮ್ಮಗಳು ಜಾರಿದಾಗ ಓಡಿದರಲ್ಲ?

ಪಾರ್ಕಿನ್ಸನ್ ಕಾಯಿಲೆಯವರ ಮನೆಗಳಿಂದ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: ಒಮ್ಮೆ ಆಗುವುದು ಇನ್ನೊಮ್ಮೆ ಆಗುವುದಿಲ್ಲ ಎಂದರೆ ನಾಟಕವಲ್ಲವೇ? ಅದಕ್ಕಾಗಿಯೇ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಜಯನಗರದ ಈ ದಂಪತಿಯ ಪ್ರಕರಣವನ್ನು ಬರೆಯುತ್ತಿದ್ದೇನೆ. ಪತಿ ನಿವೃತ್ತ ಶಿಕ್ಷಕರು. ನರರೋಗ ತಜ್ಞರು ಆಗಲೇ ಕಾಯಿಲೆ ಗುರುತಿಸಿ ಲೆವೊಡೋಪಾ ಮಾತ್ರೆ ಆರಂಭಿಸಿದ್ದರು. ಮನೆಯಲ್ಲಿ ಇದೇ ಅನುಮಾನದ ಜಗಳ ಮಾತ್ರ ನಿಂತಿರಲಿಲ್ಲ.

ಎರಡನೆಯ ಭೇಟಿಯಲ್ಲಿ ಪತ್ನಿ ಕಣ್ಣೀರಿಟ್ಟರು. "ಬಾಗಿಲ ಹತ್ತಿರ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಾರೆ ಮೇಡಂ. ಆದರೆ ಮೊನ್ನೆ ಮೊಮ್ಮಗಳು ಮೆಟ್ಟಿಲಲ್ಲಿ ಜಾರಿದಾಗ ಓಡಿ ಹೋಗಿ ಹಿಡಿದರು. ಹಾಗಾದರೆ ಮಿಕ್ಕದ್ದೆಲ್ಲ ನಾಟಕವೇ?"

ಪತಿ ತಲೆ ತಗ್ಗಿಸಿದರು. "ನನಗೂ ಗೊತ್ತಾಗುತ್ತಿಲ್ಲ" ಎಂದರು. ತಮ್ಮ ಮೇಲೆ ತಮಗೇ ಅನುಮಾನ ಹುಟ್ಟಿದ್ದುದು ನನ್ನನ್ನು ಕಲಕಿತು.

ಅಂದು ನಾನು ಸಮಾಧಾನದ ಮಾತು ಬಿಟ್ಟು ಮಿದುಳಿನ ಕೆಲಸವನ್ನೇ ವಿವರಿಸಿದೆ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪು ಚಲನೆಗಳನ್ನು ಸದಾ ತಡೆಹಿಡಿದಿರುತ್ತದೆ, ಕೆರೆಯ ತೂಬು ಮುಚ್ಚಿಟ್ಟಂತೆ. ಹೆಜ್ಜೆ ಇಡಬೇಕೆಂದಾಗ ಆ ಒಂದು ತೂಬನ್ನಷ್ಟೇ ಎತ್ತಬೇಕು. ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಮಿದುಳಿನ ಭಾಗದ ಕೋಶಗಳು ಸುರಿಸುವ ಡೋಪಮೈನ್ ಎಂಬ ರಾಸಾಯನಿಕ ತೂಬು ಎತ್ತುವ ದಾರಿಗೆ ಬಲ ಕೊಡುತ್ತದೆ, ಒತ್ತಿ ಮುಚ್ಚುವ ದಾರಿಯನ್ನು ಸಡಿಲಿಸುತ್ತದೆ. ಆ ಕೋಶಗಳು ಸಾಯುತ್ತಾ ಹೋದಂತೆ ತೂಬು ಬಿಗಿಯಾಗುತ್ತದೆ. ಸ್ನಾಯುಗಳಲ್ಲಿ ಶಕ್ತಿ ಇದ್ದರೂ ಚಲನೆ ನಿಧಾನ, ಚಿಕ್ಕದು. ಅವರ ಕೈಬರಹ ಸಾಲಿನ ಕೊನೆಗೆ ಬರುವಷ್ಟರಲ್ಲಿ ಇರುವೆಯಷ್ಟಾಗುವುದೂ ಇದರಿಂದಲೇ.

ಹೆಚ್ಚು ಕೆಡುವುದು ತಾನಾಗಿ ಹೊರಡುವ ಚಲನೆ. ಬೀಳುವ ಮಗು ಹೊರಗಿನಿಂದ ಬಂದ ತೀವ್ರ ಕರೆ. ಅಂಥ ಕರೆಗೆ ಮಿದುಳು ಕಣ್ಣು ಮತ್ತು ಕಿರುಮಿದುಳಿನ ಜಾಲದಂಥ ಬೇರೆ ದಾರಿಗಳನ್ನು ಬಳಸಿಕೊಳ್ಳುತ್ತದೆ ಎಂಬುದು ಈಗಿನ ತಿಳಿವಳಿಕೆ. ಓಟವೂ ನಿಜ, ಬಾಗಿಲಲ್ಲಿ ನಿಂತದ್ದೂ ನಿಜ.

ಇನ್ನು ನಡುಕ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದೆ. "ತೊಂಬತ್ತಮೂರು, ಎಂಬತ್ತಾರು" ಎನ್ನುವಷ್ಟರಲ್ಲಿ ತೊಡೆಯ ಮೇಲಿನ ಬಲಗೈ ಜೋರಾಗಿ ನಡುಗತೊಡಗಿತು. ಲೋಟ ಹಿಡಿಯಲು ಕೈ ಚಾಚಿದಾಗ ತಗ್ಗಿತು. ಸೆಕೆಂಡಿಗೆ 4ರಿಂದ 6 ಬಾರಿಯ ಈ ಕಂಪನ ವಿಶ್ರಾಂತಿಯಲ್ಲಿ ಏಳುತ್ತದೆ, ಮನಸ್ಸಿಗೆ ಒತ್ತಡ ಬಿದ್ದಾಗ ಹೆಚ್ಚುತ್ತದೆ. ಬೇಸಲ್ ಗ್ಯಾಂಗ್ಲಿಯಾದ ಜೊತೆಗೆ ಕಿರುಮಿದುಳಿನ ಜಾಲವೂ ಇದರಲ್ಲಿ ಸೇರಿದೆ. ಹಾಗಾಗಿ ಕೆಲವರಲ್ಲಿ ಮಾತ್ರೆಗೆ ನಿಧಾನಗತಿ ಬಗ್ಗಿದಷ್ಟು ನಡುಕ ಬಗ್ಗುವುದಿಲ್ಲ.

ಸಲಹೆ ಕಡಿಮೆ. ಕಾಲಿಗೆ ಹೊರಗಿನ ಕರೆ ಸಿಗುವಂತೆ ಬಾಗಿಲ ಬಳಿ ನೆಲಕ್ಕೆ ಹೆಜ್ಜೆಯ ಅಂತರದಲ್ಲಿ ಬಣ್ಣದ ಪಟ್ಟಿ ಅಂಟಿಸಿ. "ಬೇಗ ಬನ್ನಿ" ಎನ್ನುವ ಬದಲು ಎಣಿಸಿ. ಮಾತ್ರೆಯ ಹೊತ್ತು ತಪ್ಪಿಸಬೇಡಿ. ನೆಂಟರ ಮುಂದೆ ನಡುಗುವ ಕೈಯನ್ನು ದಿಟ್ಟಿಸಬೇಡಿ. ಆಪ್ತಸಲಹೆಗಾರರಿಗೆ ನರಶಾಸ್ತ್ರ ಏಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ತಾಳ್ಮೆ ಇರಲಿ ಎಂದು ಹೇಳಿ ಕಳಿಸಿದ್ದರೆ, ನಾಟಕವೆಂಬ ಅನುಮಾನ ಆ ಮನೆಯಲ್ಲಿ ಹಾಗೆಯೇ ಉಳಿಯುತ್ತಿತ್ತು.

ಮುಂದಿನ ಭೇಟಿಯಲ್ಲಿ ನನ್ನ ಕೋಣೆಯ ಹೊಸ್ತಿಲಲ್ಲಿ ಅವರು ನಿಂತರು. ಪತ್ನಿ ಮೆಲ್ಲನೆ "ಒಂದು, ಎರಡು" ಎಂದರು. ಮೂರಕ್ಕೆ ಕಾಲು ಎದ್ದಿತು.