ಬೀಟಾ 0.3 ಅಂದ್ರೆ ಷೇರು ಕಡಿಮೆ ಬೀಳುತ್ತೆ ಅಂತಲ್ಲ

ಪ್ರಶ್ನೆ: ನನ್ನ ಹತ್ತಿರ ಇರೋ ಷೇರಿನ ಬೀಟಾ 0.3 ಅಂತ ಆ್ಯಪ್ ತೋರಿಸ್ತಿದೆ. ಮಾರುಕಟ್ಟೆ 10% ಬಿದ್ರೆ ಇದು 3% ಮಾತ್ರ ಬೀಳುತ್ತೆ, ಅಲ್ವಾ? ಸೇಫ್ ಅಂದ್ಕೋಬಹುದಾ?

ಹಾಗೆ ಅಂದುಕೊಳ್ಳಬೇಡಿ. ನಾನೂ ಮೊದಮೊದಲು ಹಾಗೇ ಓದುತ್ತಿದ್ದೆ, ಅದರಿಂದ ದುಡ್ಡೂ ಕಳೆದುಕೊಂಡೆ. ಬೀಟಾದೊಳಗೆ ಎರಡು ವಿಷಯ ಬೆರೆತಿರುತ್ತವೆ. ಷೇರಿನ ಏರಿಳಿತ ಮಾರುಕಟ್ಟೆಯ ಏರಿಳಿತದ ಎಷ್ಟು ಪಟ್ಟು ಅನ್ನುವುದು ಒಂದು. ಆ ಏರಿಳಿತ ಮಾರುಕಟ್ಟೆಯ ಜೊತೆ ಎಷ್ಟು ಹೊಂದಿಕೊಂಡು ನಡೆಯುತ್ತದೆ ಅನ್ನುವುದು ಇನ್ನೊಂದು. ಇವೆರಡನ್ನೂ ಗುಣಿಸಿದರೆ ಬರುವುದೇ ಬೀಟಾ. ಹಾಗಾಗಿ ಶಾಂತವಾಗಿರುವ ಷೇರಿಗೂ 0.3 ಬರಬಹುದು, ಹುಚ್ಚು ಕುದುರೆಯಂತೆ ಓಡುವ ಷೇರಿಗೂ 0.3 ಬರಬಹುದು.

ಸಣ್ಣದೊಂದು ಲೆಕ್ಕ ಮಾಡೋಣ. ಐದು ತಿಂಗಳಲ್ಲಿ ಮಾರುಕಟ್ಟೆಯ ಸೂಚ್ಯಂಕ ಕ್ರಮವಾಗಿ +2, -3, +4, -1, +3 ಶೇಕಡಾ ಚಲಿಸಿತು ಅಂದುಕೊಳ್ಳಿ. ಅದೇ ತಿಂಗಳುಗಳಲ್ಲಿ ಒಂದು ಷೇರು +3, -5, +6, -2, +5 ಆಯಿತು. ಇದರ ಬೀಟಾ ಸುಮಾರು 1.6. ಮಾರುಕಟ್ಟೆ ಎತ್ತ ಹೋದರೆ ಇದೂ ಅತ್ತಲೇ, ಸ್ವಲ್ಪ ಜೋರಾಗಿ.

ಇನ್ನೊಂದು ಷೇರು +10, +7, +9, -11, -10 ಆಯಿತು. ಸ್ಪ್ರೆಡ್‌ಶೀಟಿನಲ್ಲಿ B ಕಾಲಮ್ಮಿಗೆ ಮಾರುಕಟ್ಟೆಯ ಅಂಕಿ, C ಕಾಲಮ್ಮಿಗೆ ಈ ಷೇರಿನ ಅಂಕಿ ಹಾಕಿ ಹೀಗೆ ಬರೆಯಿರಿ:

```
=SLOPE(C2:C6, B2:B6)
=RSQ(C2:C6, B2:B6)
```

ಮೊದಲ ಸಾಲು ಬೀಟಾ. ಉತ್ತರ 0.32, ನಿಮ್ಮ ಆ್ಯಪ್ ತೋರಿಸಿದ್ದಕ್ಕೆ ಹತ್ತಿರ ಹತ್ತಿರ ಅಷ್ಟೇ. ಆದರೆ ಆ ಐದು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮಾರುಕಟ್ಟೆ 3% ಬಿದ್ದ ತಿಂಗಳು ಇದು 7% ಏರಿದೆ. ಮಾರುಕಟ್ಟೆ ಬರೀ 1% ಇಳಿದಾಗ ಇದು 11% ಕುಸಿದಿದೆ. ಇದರ ಏರಿಳಿತ ಮಾರುಕಟ್ಟೆಯ ಸುಮಾರು 3.6 ಪಟ್ಟು. ಇಬ್ಬರ ನಡುವಿನ ಹೊಂದಾಣಿಕೆ ಮಾತ್ರ 0.09. ಗುಣಿಸಿ ನೋಡಿ, 0.32 ಬರುತ್ತದೆ. ಬೀಟಾ ಚಿಕ್ಕದಾಗಿದ್ದು ಷೇರು ಶಾಂತವಾಗಿದೆ ಅಂತಲ್ಲ, ಅದು ಮಾರುಕಟ್ಟೆಯ ಮಾತು ಕೇಳುವುದಿಲ್ಲ ಅಂತ.

ಇದನ್ನು ಹೇಳಿಕೊಡುವುದೇ ಎರಡನೇ ಸಾಲು, ಆರ್-ಸ್ಕ್ವೇರ್ಡ್. ಷೇರಿನ ಏರಿಳಿತದಲ್ಲಿ ಎಷ್ಟು ಪಾಲನ್ನು ಮಾರುಕಟ್ಟೆಯಿಂದ ವಿವರಿಸಬಹುದು ಅನ್ನುವುದನ್ನು ಅದು ತೋರಿಸುತ್ತದೆ. ಮೊದಲ ಷೇರಿಗೆ ಇದು 0.99ಕ್ಕೂ ಮೇಲೆ. ಎರಡನೆಯದಕ್ಕೆ 0.01 ಕೂಡ ಇಲ್ಲ. ಉಳಿದದ್ದೆಲ್ಲ ಆ ಕಂಪನಿಯದ್ದೇ ಸುದ್ದಿ: ಲಾಭ, ಸಾಲ, ಒಂದು ದೊಡ್ಡ ಆರ್ಡರ್ ಕೈತಪ್ಪಿದ್ದು, ಇಂಥವು. ಬೀಟಾ ಮಾತ್ರ ನೋಡಿ ಆರ್-ಸ್ಕ್ವೇರ್ಡ್ ನೋಡದಿದ್ದರೆ ಅರ್ಧ ಮಾತು ಕೇಳಿ ಎದ್ದು ಬಂದ ಹಾಗೆ. ನಿಜವಾಗಿ ಲೆಕ್ಕ ಹಾಕುವಾಗ ಐದು ತಿಂಗಳು ಏನೇನೂ ಸಾಲದು, ಕನಿಷ್ಠ ಮೂರರಿಂದ ಐದು ವರ್ಷದ ಮಾಸಿಕ ಅಂಕಿ ತೆಗೆದುಕೊಳ್ಳಿ. ಬೆಲೆಯನ್ನು ಹಾಕಬೇಡಿ, ಶೇಕಡಾ ಬದಲಾವಣೆಯನ್ನೇ ಹಾಕಿ.

ನಾನು ಪೆಟ್ಟು ತಿಂದದ್ದು ಇನ್ನೊಂದು ಕಡೆ. ದಿನಕ್ಕೆ ಬೆರಳೆಣಿಕೆಯಷ್ಟು ವಹಿವಾಟು ಆಗುವ ಒಂದು ಸಣ್ಣ ಷೇರು ಕೊಂಡಿದ್ದೆ. ದಿನದ ಅಂಕಿಗಳಿಂದ ಬೀಟಾ ತೆಗೆದಾಗ 0.4 ಬಂತು. ಮಾರುಕಟ್ಟೆ ಬಿದ್ದಾಗ ನೋಡಿದರೆ ಇದು ಅದಕ್ಕಿಂತ ಜಾಸ್ತಿಯೇ ಬಿತ್ತು. ಆಮೇಲೆ ಕೂತು ವಾರದ ಅಂಕಿಗಳಿಂದ ಲೆಕ್ಕ ಹಾಕಿದೆ, 1.1 ಬಂತು. ಕಾರಣ ಸರಳ. ವಹಿವಾಟೇ ಆಗದ ದಿನ ಪರದೆಯ ಮೇಲೆ ಹಳೇ ಬೆಲೆಯೇ ನಿಂತಿರುತ್ತದೆ. ಮಾರುಕಟ್ಟೆ ಇವತ್ತು ಬಿದ್ದರೆ ಈ ಷೇರು ನಾಳೆಯೋ ನಾಡಿದ್ದೋ ಬೀಳುತ್ತದೆ. ದಿನದ ಲೆಕ್ಕಕ್ಕೆ ಇಬ್ಬರೂ ಬೇರೆ ಬೇರೆ ನಡೆದಂತೆ ಕಾಣುತ್ತದೆ, ಬೀಟಾ ಸುಮ್ನೆ ತಗ್ಗುತ್ತದೆ. ನಿಮ್ಮ ಷೇರಿನಲ್ಲಿ ವಹಿವಾಟು ಕಡಿಮೆ ಇದ್ದರೆ ದಿನದ ಬೀಟಾವನ್ನೂ ವಾರದ ಬೀಟಾವನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಾರದ್ದು ತುಂಬಾ ಮೇಲಿದ್ದರೆ ದಿನದ್ದನ್ನು ನಂಬಬೇಡಿ.

ಹಾಗಂತ 0.3 ಅನ್ನುವ ಅಂಕಿಯೇ ಕೆಲಸಕ್ಕೆ ಬಾರದ್ದು ಅಂತಲ್ಲ. ನಿಮ್ಮ ಹತ್ತಿರ ಬೇರೆ ಬೇರೆ ವ್ಯವಹಾರದ ಮೂವತ್ತು ನಲವತ್ತು ಷೇರುಗಳಿದ್ದರೆ ಒಂದೊಂದರ ಸ್ವಂತ ಏರಿಳಿತ ಬಹುಮಟ್ಟಿಗೆ ಒಂದಕ್ಕೊಂದು ವಜಾ ಆಗುತ್ತದೆ. ಉಳಿಯುವುದು ಮಾರುಕಟ್ಟೆಯ ಪಾಲು. ಹೂಡಿದ ಹಣದ ಪ್ರಮಾಣಕ್ಕೆ ತಕ್ಕಂತೆ ಎಲ್ಲದರ ಬೀಟಾಗಳ ಸರಾಸರಿ ತೆಗೆದು ಅದು 0.3 ಬಂದರೆ, ಆಗ 10% ಕುಸಿತಕ್ಕೆ 3% ಅನ್ನುವ ನಿಮ್ಮ ಲೆಕ್ಕ ಸುಮಾರಾಗಿ ಸರಿಹೋಗುತ್ತದೆ. ನೀವು ಹೇಳುತ್ತಿರುವುದು ಒಂದೇ ಷೇರು. ಅದರ ಆರ್-ಸ್ಕ್ವೇರ್ಡ್ ಎಷ್ಟು ಬರುತ್ತದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ಒಟ್ಟಿಗೆ ನೋಡೋಣ.