ಅತ್ತೆ, ಕೊತ್ತಿ ಮತ್ತು ಇಟಲಿಯ ಕತ್ತೆ

"ಅಕ್ಕಾ, ಮುಂದಿನ ತಿಂಗಳು ಕೆಲಸಕ್ಕೆಂದು ತೊರಿನೊಗೆ ಬರುತ್ತಿದ್ದೇನೆ. ಮಾತಿಗೊಂದು ಗಾದೆ ಹೇಳುವುದು ನನ್ನ ಅಭ್ಯಾಸ. 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ', 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎಂಬುದಕ್ಕೆಲ್ಲ ಇಟಾಲಿಯನ್ನಿನಲ್ಲಿ ಗಾದೆ ಇದೆಯೇ? ಇಲ್ಲದಿದ್ದರೆ ಹೇಗೆ ಹೇಳುವುದು? ಮನೆ, ಚಳಿ ಎಲ್ಲ ಹೇಗೆ?"

ಮನೆ ಸಿಗುತ್ತದೆ, ಆದರೆ ತಡವಾಗುತ್ತದೆ. ಚಳಿಗೆ ಊರಿನ ಸ್ವೆಟರ್ ಸಾಲದು, ಇಲ್ಲಿಗೆ ಬಂದ ಮೇಲೆ ಕೊಳ್ಳಿ.

ನಾನು ಬಂದ ಮೊದಲ ಚಳಿಗಾಲದಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಮಾಲೀಕರಿಂದ ಬೈಸಿಕೊಂಡು ಬಂದ ಮುಖ್ಯ ಅಡುಗೆಯವನು ಪಾತ್ರೆ ತೊಳೆಯುವ ಹುಡುಗನ ಮೇಲೆ ಹರಿಹಾಯ್ದಾಗ, ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಮುದುಕರೊಬ್ಬರು "ಕಿ ನೊನ್ ಪುವೊ ಬಾತ್ತೆರೆ ಲಾಸಿನೊ, ಬಾತ್ತೆ ಇಲ್ ಬಾಸ್ತೊ" ಎಂದು ಗೊಣಗಿದರು. ಕತ್ತೆಯನ್ನು ಹೊಡೆಯಲಾಗದವನು ಬಾಸ್ತೊವನ್ನು ಹೊಡೆಯುತ್ತಾನೆ ಎಂದರ್ಥ; ಬಾಸ್ತೊ ಎಂದರೆ ಹೇರು ಹೊರಿಸಲು ಕತ್ತೆಯ ಬೆನ್ನಿಗೆ ಬಿಗಿಯುವ ಮರದ ಜೀನು. ಒಂದನೆಯ ಶತಮಾನದ ರೋಮನ್ ಲೇಖಕ ಪೆಟ್ರೋನಿಯಸ್‌ನ ಬರಹದಲ್ಲಿಯೇ ಈ ಮಾತು ಲ್ಯಾಟಿನ್ನಿನಲ್ಲಿದೆ. ನಿಮ್ಮ ಕೊತ್ತಿಗೆ ಸರಿಜೋಡಿ ಇದೇ.

ಅತ್ತೆಯ ಗಾದೆಗೆ ಅತ್ತೆಯನ್ನೇ ಹುಡುಕಲು ಹೊರಟರೆ ಮಾತ್ರ ದಾರಿ ತಪ್ಪುತ್ತದೆ. "ಪಾರ್ಲಾರೆ ಆ ನುವೊರಾ ಪೆರ್ಕೆ ಸುವೊಚೆರಾ ಇಂತೆಂದಾ" ಎಂಬ ಮಾತಿನಲ್ಲಿ ಅತ್ತೆಯೂ ಇದ್ದಾಳೆ, ಸೊಸೆಯೂ ಇದ್ದಾಳೆ. ಆದರೆ ಅದು ಅತ್ತೆಗೆ ನಾಟಲೆಂದು ಸೊಸೆಗೆ ಹೇಳುವ ಜಾಣತನದ ಮಾತೇ ಹೊರತು ಕೋಪಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಗಾದೆಯೊಳಗೆ ಯಾರಿದ್ದಾರೆ ಎಂಬುದನ್ನು ಬಿಟ್ಟು, ನಮ್ಮ ಮನೆಗಳಲ್ಲಿ ಅದನ್ನು ಯಾರು, ಯಾರನ್ನು ಕುರಿತು, ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬುದನ್ನು ಹಿಡಿದು ಹುಡುಕಿರಿ.

ಜೋಡಿ ಸಿಕ್ಕ ಮೇಲೂ ಒಂದು ಎಚ್ಚರಿಕೆ ಬೇಕು. ನಮ್ಮ ಗಾದೆಯಲ್ಲಿ ಎದುರಾಡಲಾಗದವರು ಅತ್ತೆಯಾಗಿಯೇ ಉಳಿಯುತ್ತಾರೆ, ಇವರದರಲ್ಲಿ ಕತ್ತೆಯಾಗುತ್ತಾರೆ. ಮಾಲೀಕರ ಕಿವಿಗೆ ಬೀಳುವಂತೆ ಇದನ್ನು ಆಡಬೇಡಿ. (ಕೊತ್ತಿಯ ಗಾದೆಯೇ ಹೆಚ್ಚು ಮರ್ಯಾದಸ್ಥವೆಂದು ನನಗೆ ಈಗಲೂ ಅನಿಸುತ್ತದೆ.) ಇಲ್ಲಿ ಹುಟ್ಟಿದ ನನ್ನ ಮಕ್ಕಳಿಗೆ ಜೀನಿನ ಮಾತು ಬಾಯಿಗೆ ಬರುತ್ತದೆ, ಕೊತ್ತಿಯದು ಬರುವುದಿಲ್ಲ, ಮನೆಯಲ್ಲಾದರೂ ನಾನು ಅದನ್ನು ಆಡುತ್ತಿರಬೇಕಿತ್ತು ಎಂಬ ಕೊರಗು ಉಳಿದಿದೆ.

ಎರಡನೆಯ ಗಾದೆಗೆ ಸಮನಾದದ್ದು ನನಗೆ ಸಿಕ್ಕಿಲ್ಲ. ಚಕ್ರ ತಿರುಗುತ್ತದೆ ಎಂಬರ್ಥದ "ಲಾ ರುವೋತಾ ಜೀರಾ" ಹತ್ತಿರ ಬರುತ್ತದೆಯಾದರೂ, ಅದರಲ್ಲಿ ಒಂದೇ ಮನೆಯೊಳಗೆ ಅಧಿಕಾರ ಕೈ ಬದಲಾಗುವ ಚಿತ್ರವಿಲ್ಲ. ಅಂಥಲ್ಲಿ "ದಾಲ್ಲೆ ಮಿಯೆ ಪಾರ್ತಿ ಸಿ ದೀಚೆ", ಅಂದರೆ ನಮ್ಮ ಕಡೆ ಹೀಗೆ ಹೇಳುತ್ತಾರೆ, ಎಂದು ಮೊದಲುಮಾಡಿ. ಇಟಲಿಯವರು ತಮ್ಮ ತಮ್ಮ ಸೀಮೆಯ ಗಾದೆಯನ್ನು ಹೇಳುವಾಗಲೂ ಹೀಗೆಯೇ ಆರಂಭಿಸುವುದರಿಂದ ಕೇಳುವವರು ಕಿವಿಗೊಡುತ್ತಾರೆ. ಮದುವೆಯಾದವಳು ಗಂಡನ ಮನೆಗೆ ಬಂದು ಅತ್ತೆಯ ಕೈಕೆಳಗೆ ಇರುತ್ತಿದ್ದಳು, ಅತ್ತೆಗೆ ವಯಸ್ಸಾದಾಗ ಬೀಗದ ಕೈ ಸೊಸೆಯ ಸೊಂಟಕ್ಕೆ ಬರುತ್ತಿತ್ತು ಎಂಬಷ್ಟನ್ನು ಮೊದಲು ತಿಳಿಸಿ, ಆಮೇಲೆ ಗಾದೆಯನ್ನು ಹೇಳಿರಿ. ಗಾದೆ ಮೊದಲು ಬಂದು ವಿವರಣೆ ಆಮೇಲೆ ಬಂದರೆ, ನಿಮಗೂ ನಿಮ್ಮ ಅತ್ತೆಗೂ ಏನಾಯಿತೆಂದು ವಿಚಾರಿಸಲು ತೊಡಗುತ್ತಾರೆ.